ಪಾತ್ರೆ ಅಂಗಡಿ ಹತ್ರ ಎಡಕ್ಕೆ

ಮಹಾನಗರ ಪಾಲಿಕೆ ಆಯುಕ್ತರಿಗೆ,
ಶಿವಮೊಗ್ಗ

ನಮಸ್ಕಾರ ಸರ್.

ಹೋದ ಮಳೆಗಾಲದಲ್ಲಿ ಸಾಗರದಿಂದ ನಮ್ಮತ್ತೆ ಬಂದಿದ್ದರು. ಕೋಟೆ ಆಂಜನೇಯನ ಗುಡಿಗೆ ಒಬ್ಬಳೇ ಹೋಗಿ ಬರ್ತೀನಿ ಅಂದರು. ನಮ್ಮ ಮನೆ ಗಾಂಧಿ ಬಜಾರಿನ ಹಿಂದಿನ ಕೇರಿಯಲ್ಲಿ. ನಾನು ದಾರಿ ಹೇಳಿದ್ದು ಹೀಗೆ: ಹಿತ್ತಾಳೆ ಪಾತ್ರೆ ಅಂಗಡಿ ಹತ್ರ ಎಡಕ್ಕೆ, ಹಿಟ್ಟಿನ ಗಿರಣಿ ದಾಟಿ ಬಲಕ್ಕೆ, ಹಳದಿ ಬೋರ್ಡಿನ ಟೈಲರ್ ಅಂಗಡಿ ಹತ್ರ ಮತ್ತೆ ಎಡಕ್ಕೆ. ಕೋಟೆ ರಸ್ತೆ ಸಿಕ್ಕ ಮೇಲೆ ಯಾರನ್ನು ಕೇಳಿದರೂ ತೋರಿಸ್ತಾರೆ.

ಹೋಗುವಾಗ ಸಲೀಸಾಗಿ ಹೋದರು. ತಪ್ಪಿದ್ದು ಬರುವಾಗ. ಎಡ ಬಲ ಆಗುತ್ತೆ ಅನ್ನೋದು ಅತ್ತೆಗೆ ಗೊತ್ತಿಲ್ಲದ್ದೇನಲ್ಲ. ಆದರೆ ಟೈಲರ್ ಬೋರ್ಡನ್ನು ಮೂಲೆಯ ಒಂದೇ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ನಮ್ಮ ಕಡೆಯಿಂದ ಹೋದರೆ ಎದುರಿಗೇ ಕಾಣುತ್ತೆ. ಗುಡಿ ಕಡೆಯಿಂದ ಬಂದರೆ ಪಾಚಿ ಹಿಡಿದ ಗೋಡೆ ಬಿಟ್ಟು ಏನೂ ಇಲ್ಲ. ಅತ್ತೆ ತಿರುವು ಬಿಟ್ಟು ಮುಂದಿನ ಸಂದಿಗೆ ನುಗ್ಗಿದ್ದಾರೆ. ಅಷ್ಟರಲ್ಲಿ ಕರೆಂಟ್ ಹೋಗಿ ಗಿರಣಿ ಸದ್ದೂ ನಿಂತಿದೆ. ಮಳೆ ಜೋರಾಗಿ, ಪಾತ್ರೆ ಅಂಗಡಿಯವರು ನೀಲಿ ಟಾರ್ಪಾಲು ಇಳಿಬಿಟ್ಟಿದ್ದಾರೆ. ಬೋರ್ಡು ಅದರ ಹಿಂದೆ. ಮಳೆ ಹೊಡೆದಾಗ ನಮ್ಮ ಕೇರಿಯ ಅಂಗಡಿಗಳೆಲ್ಲ ಹಾಗೇ, ಒಂದೇ ಬಣ್ಣ.

ಫೋನ್ ಮ್ಯಾಪ್ ನೋಡಬಹುದಿತ್ತಲ್ವಾ ಅಂತೀರಿ. ನೋಡಿದ್ದಾರೆ. ಎರಡೂ ಕಡೆ ಎತ್ತರದ ಗೋಡೆ ಇರುವ ಸಂದಿಯಲ್ಲಿ ಸ್ಯಾಟಲೈಟ್ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತೆ. ನಿಂತಿದ್ದು ಒಂದು ಸಂದಿಯಲ್ಲಿ, ಚುಕ್ಕೆ ತೋರಿಸಿದ್ದು ಪಕ್ಕದ್ದರಲ್ಲಿ. ಸಂದಿ ಸಂದಿಗೆ ನಡುವೆ ಹತ್ತು ಹದಿನೈದು ಅಡಿ ಇದ್ದರೆ ಆ ಚುಕ್ಕೆಯನ್ನು ನಂಬೋ ಹಾಗಿಲ್ಲ.

ಕೇಳ್ತಿರೋದು ಚಿಕ್ಕದು. ಕೇರಿಯ ಹೆಸರನ್ನು ಪ್ರತಿ ತಿರುವಿನ ಮೂಲೆಯಲ್ಲಿ ಬರೆಸಿ. ಒಂದು ಗೋಡೆಗಲ್ಲ, ಮೂಲೆಯ ಎರಡೂ ಗೋಡೆಗೆ, ಹೋಗುವವರಿಗೂ ಬರುವವರಿಗೂ ಕಾಣುವ ಹಾಗೆ. ಕಂಬದ ತುದಿಗೆ ಬೇಡ, ಛತ್ರಿ ಹಿಡಿದವರು ಯಾರು ಮೇಲೆ ನೋಡ್ತಾರೆ? ಮುಖದ ಎತ್ತರಕ್ಕೆ ಇರಲಿ, ಟಾರ್ಪಾಲು ಇಳಿಯದ ಜಾಗದಲ್ಲಿ. ಫ್ಲೆಕ್ಸ್ ಬೇಡ, ಬಣ್ಣದಲ್ಲಿ ಬರೆಸಿ. ಕೆಳಗೆ ‘ಕೋಟೆ’ ಅಂತ ಒಂದು ಬಾಣ ಇದ್ದರೆ ಗುಡಿಗೂ ಆಯ್ತು, ಶಿವಪ್ಪ ನಾಯಕನ ಅರಮನೆ ನೋಡಲು ಬರುವವರಿಗೂ ಆಯ್ತು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಕಾನೂನಿದೆ, ಬಹಳ ಸಂತೋಷ. ಆದರೆ ನಮ್ಮ ಕಡೆ ಆ ಕನ್ನಡದಲ್ಲಿ ಕೇರಿಯ ಹೆಸರು ಹುಡುಕಿದರೂ ಸಿಗಲ್ಲ.

ಮೊದಲು ನಮ್ಮ ಮೂರು ತಿರುವಿಗೆ ಮಾಡಿಸಿ ನೋಡಿ ಸರ್. ಮಾರಿಕಾಂಬ ಜಾತ್ರೆಗೆ ಅತ್ತೆ ಮತ್ತೆ ಬರ್ತಾರಂತೆ. ಟೈಲರ್ ಅಂಗಡಿ ಈಗ ಮೊಬೈಲ್ ಅಂಗಡಿ ಆಗಿದೆ, ಬೋರ್ಡು ಕೆಂಪು. ಅವರಿಗೆ ಇನ್ನೂ ಹೇಳಿಲ್ಲ.

ಇಂತಿ,
ಗಾಂಧಿ ಬಜಾರಿನ ಹಿಂದಿನ ಕೇರಿಯವನು