ಡಾಕ್ಟರರ ಪರಿಚಯದ ಪುಟ ಬದಲಾಗುತ್ತಿದೆ: ನಮ್ಮ ಕ್ಲಿನಿಕ್ ಗ್ರಾಹಕರಿಗೆ ಒಂದು ಪತ್ರ

ಡಾಕ್ಟರರಿಗೂ, ಕ್ಲಿನಿಕ್ ನೋಡಿಕೊಳ್ಳುವ ಎಲ್ಲರಿಗೂ ಡೊಂಬಿವಲಿಯಿಂದ ನಮಸ್ಕಾರ.

ನಾವು ಮಾಡಿಕೊಟ್ಟ ಎಲ್ಲ ಕ್ಲಿನಿಕ್ ವೆಬ್‌ಸೈಟುಗಳಲ್ಲೂ ಮುಂದಿನ ತಿಂಗಳ 1ನೇ ತಾರೀಖಿನಿಂದ ಡಾಕ್ಟರರ ಪರಿಚಯದ ಪುಟ ಬದಲಾಗುತ್ತದೆ. ‘ಮುಂಬಯಿಯ ನಂಬರ್ ಒನ್’, ‘ನೂರಕ್ಕೆ ನೂರು ಗುಣ’, ‘ಪ್ರಖ್ಯಾತ ತಜ್ಞರು’ ಎಂಬಂಥ ಮಾತುಗಳನ್ನು ಇನ್ನು ನಾವು ಬರೆಯುವುದಿಲ್ಲ. ಈಗ ಇರುವುದನ್ನೂ ತೆಗೆಯುತ್ತೇವೆ. ಈ ಕೆಲಸಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ, ಏಕೆಂದರೆ ಆ ಮಾತುಗಳಲ್ಲಿ ಹೆಚ್ಚಿನವನ್ನು ಬರೆದವರು ನಾವೇ.

ಕಾರಣ ಒಂದು ಘಟನೆ. ನಮ್ಮ ಗ್ರಾಹಕರಾದ ಡಾಕ್ಟರರೊಬ್ಬರು ಕಲ್ಯಾಣ್ ಕಡೆ ಇದ್ದಾರೆ. ಎಂಬಿಬಿಎಸ್ ಮುಗಿಸಿ 2004ರಿಂದ ಅಲ್ಲೇ ಪ್ರಾಕ್ಟೀಸ್. ಆಮೇಲೆ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಮಾಡಿದರು, ತಿಂಗಳಿಗೊಂದು ದಿನ ಕ್ಲಾಸು. ನಾವು ಅವರ ಪುಟದಲ್ಲಿ ‘ಪ್ರಖ್ಯಾತ ಮಧುಮೇಹ ತಜ್ಞರು’ ಎಂದು ಬರೆದೆವು. ಅವರು ಕೇಳಿರಲಿಲ್ಲ. ಚೆನ್ನಾಗಿ ಕಾಣುತ್ತದೆ ಎಂದು ನಾವೇ ಹಾಕಿದ್ದು.

ಅದನ್ನು ಓದಿ ಒಬ್ಬ ಹಿರಿಯರು ಆರು ತಿಂಗಳ ಗರ್ಭಿಣಿ ಸೊಸೆಯನ್ನು ಕರೆದುಕೊಂಡು ಬಂದರು. ಆಕೆಗೆ ಸಕ್ಕರೆ ಜಾಸ್ತಿ ಇತ್ತು. ಡಾಕ್ಟರರು ರಿಪೋರ್ಟ್ ನೋಡಿ, “ಇದನ್ನು ನಾನು ನೋಡುವುದು ಸರಿಯಲ್ಲ. ನಿಮ್ಮ ಗೈನಕಾಲಜಿಸ್ಟ್ ಜೊತೆಗೆ ಎಂಡೊಕ್ರೈನಾಲಜಿಸ್ಟ್ ಒಬ್ಬರು ನೋಡಬೇಕು” ಎಂದು ಚೀಟಿ ಬರೆದುಕೊಟ್ಟರು. ಡಾಕ್ಟರರು ಮಾಡಿದ್ದು ಸರಿಯಾದ ಕೆಲಸ. ಆದರೆ ಆ ಹಿರಿಯರು, “ತಜ್ಞರು ಅಂತ ಬರೆದಿದ್ದೀರಲ್ಲ ಡಾಕ್ಟರೇ, ಮತ್ತೆ ಬೇರೆಯವರ ಹತ್ರ ಯಾಕೆ?” ಎಂದು ಕೇಳಿದರು. ಪ್ರಾಮಾಣಿಕವಾಗಿ ಮುಂದಕ್ಕೆ ಕಳಿಸಿದ ಡಾಕ್ಟರರು ಆ ಮನೆಯವರ ಕಣ್ಣಲ್ಲಿ ಸುಳ್ಳು ಹೇಳಿದವರಾದರು. ಆ ಸುಳ್ಳು ನಮ್ಮದು.

ಆಮೇಲೆ ಕೂತು ನಿಯಮ ಓದಿದೆವು, ಮೊದಲೇ ಓದಬೇಕಿತ್ತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳು ಈಗಲೂ ಜಾರಿಯಲ್ಲಿವೆ. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂದಿತ್ತು, ಅದೇ ತಿಂಗಳು ತಡೆಹಿಡಿದರು. ಹಳೆಯ ನಿಯಮದ 7.20 ಹೇಳುವುದು ಇಷ್ಟೇ: ಆ ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದ ವೈದ್ಯರು ತಮ್ಮನ್ನು ಸ್ಪೆಷಲಿಸ್ಟ್ ಎಂದು ಹೇಳಿಕೊಳ್ಳಬಾರದು. 6.1ರ ಪ್ರಕಾರ ತಾವು ಗುಣ ಮಾಡಿದ ಕೇಸು, ಮಾಡಿದ ಆಪರೇಷನ್ ಬಗ್ಗೆ ಕೊಚ್ಚಿಕೊಳ್ಳಬಾರದು. ಅಂಥ ವರದಿ ಯಾವ ದಾರಿಯಲ್ಲೂ ಪ್ರಕಟವಾಗಲು ಬಿಡಲೂಬಾರದು. ಅಂದರೆ ‘ನನ್ನ ಮಂಡಿನೋವು ಹೋಯಿತು, ಡಾಕ್ಟರರು ದೇವರು’ ಎಂಬ ರೋಗಿಗಳ ಮಾತುಗಳನ್ನು ಆರಿಸಿ ನಿಮ್ಮ ಪುಟಕ್ಕೆ ಅಂಟಿಸುವುದೂ ತಪ್ಪಿನ ದಾರಿಯೇ. ಅವನ್ನೂ ತೆಗೆಯುತ್ತೇವೆ. ಜನ ತಾವಾಗಿ ಗೂಗಲ್‌ನಲ್ಲಿ ಬರೆದದ್ದು ಅವರಿಗೆ ಬಿಟ್ಟದ್ದು.

ಕಲ್ಯಾಣ್ ಡಾಕ್ಟರರ ಜೊತೆ ಒಂದು ಸಂಜೆ ಕೂತು ಅವರ ಪುಟ ಹೊಸದಾಗಿ ಬರೆದೆವು. ಅವರ ಒಪ್ಪಿಗೆಯಿಂದ ಇಲ್ಲಿ ಕೊಡುತ್ತಿದ್ದೇವೆ.

“ಎಂಬಿಬಿಎಸ್. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಈ ಪುಟದ ಮೇಲ್ಭಾಗದಲ್ಲಿದೆ. 2004ರಿಂದ ಇಲ್ಲೇ ಜನರಲ್ ಪ್ರಾಕ್ಟೀಸ್. ಸಕ್ಕರೆ ಕಾಯಿಲೆಯ ಆರೈಕೆಯಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದಾರೆ. ದೊಡ್ಡವರ ಸಕ್ಕರೆ ಕಾಯಿಲೆಯ ಫಾಲೋಅಪ್ ಮಾಡುತ್ತಾರೆ: ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಪಾದ ಮುಟ್ಟಿ ನೋಡುವುದು, ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರರ ಹತ್ತಿರ ಕಳಿಸುವುದು. ಮಕ್ಕಳ ಮತ್ತು ಗರ್ಭಿಣಿಯರ ಸಕ್ಕರೆ ಕಾಯಿಲೆಯನ್ನು ತಾವು ನೋಡುವುದಿಲ್ಲ, ಎಂಡೊಕ್ರೈನಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಕನ್ನಡ, ತುಳು, ಮರಾಠಿ, ಹಿಂದಿ ಮಾತಾಡುತ್ತಾರೆ.”

ಇಲ್ಲಿ ‘ತಾವು ನೋಡುವುದಿಲ್ಲ’ ಎಂಬ ವಾಕ್ಯಕ್ಕೆ ಡಾಕ್ಟರರ ಮನೆಯವರು ಹಿಂಜರಿದರು. ರೋಗಿಗಳು ಕಡಿಮೆ ಆಗ್ತಾರಲ್ವಾ ಎಂಬ ಭಯ. ನಮಗೆ ಅನಿಸುವುದು ಬೇರೆ. ಏನು ಮಾಡುವುದಿಲ್ಲ ಎಂದು ಮೊದಲೇ ಹೇಳಿದವರು ಮಾಡುತ್ತೇನೆ ಎಂದದ್ದನ್ನೂ ಜನ ನಂಬುತ್ತಾರೆ. ಗರ್ಭಿಣಿ ಸೊಸೆಯನ್ನು ರೈಲಿನ ಗದ್ದಲದಲ್ಲಿ ಅಲ್ಲಿವರೆಗೆ ಕರೆತಂದು ವಾಪಸ್ ಹೋಗುವ ತಾಪತ್ರಯವೂ ಆ ಮನೆಗೆ ತಪ್ಪುತ್ತಿತ್ತು. ನೋಂದಣಿ ಸಂಖ್ಯೆ ಹಾಕಿದರೆ ಯಾರು ಬೇಕಾದರೂ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನಲ್ಲೋ ರಾಷ್ಟ್ರೀಯ ವೈದ್ಯಕೀಯ ಆಯೋಗದ ರಿಜಿಸ್ಟರಿನಲ್ಲೋ ಹುಡುಕಿ ನೋಡಬಹುದು. ಪರಿಚಯದಲ್ಲಿ ಹೊರಗಿನವರು ತಾವೇ ಪರೀಕ್ಷಿಸಬಹುದಾದ ಮಾತು ಹೆಚ್ಚಾಗಿ ಅದೊಂದೇ. ಹೇಗೂ ಕ್ಲಿನಿಕ್, ಚೀಟಿ, ರಸೀದಿಗಳಲ್ಲಿ ಅದನ್ನು ತೋರಿಸಲೇಬೇಕು.

‘20 ವರ್ಷಗಳ ಅನುಭವ’ ಎಂಬಲ್ಲಿ ‘2004ರಿಂದ’ ಎಂದು ಬರೆದದ್ದನ್ನೂ ಗಮನಿಸಿ. ಅನುಭವವನ್ನು ಎಲ್ಲಿಂದ ಎಣಿಸಿದ್ದು, ಕಾಲೇಜು ಸೇರಿದ ವರ್ಷದಿಂದಲೋ ಇಂಟರ್ನ್‌ಶಿಪ್ ಮುಗಿದ ಮೇಲೋ, ಯಾರಿಗೂ ಗೊತ್ತಾಗುವುದಿಲ್ಲ. ಇಸವಿ ಬರೆದರೆ ಆ ಗೊಂದಲ ಇಲ್ಲ. ಪುಟ ಹಳೆಯದಾದರೂ ಮಾತು ಹಳೆಯದಾಗುವುದಿಲ್ಲ.

ಸಂಖ್ಯೆಗಳ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ‘10 ವರ್ಷದಲ್ಲಿ 25,000 ರೂಟ್ ಕೆನಾಲ್’ ಎಂದು ಬರೆಯಿರಿ ಎನ್ನುವವರಿದ್ದಾರೆ. ವರ್ಷಕ್ಕೆ 300 ದಿನ ಕೆಲಸ ಎಂದುಕೊಂಡರೆ 10 ವರ್ಷಕ್ಕೆ 3,000 ದಿನ. ಅಂದರೆ ದಿನಕ್ಕೆ ಎಂಟಕ್ಕಿಂತ ಹೆಚ್ಚು ರೂಟ್ ಕೆನಾಲ್, ಒಂದು ದಿನವೂ ತಪ್ಪದೆ. ದವಡೆ ಹಲ್ಲಿನ ಒಂದು ರೂಟ್ ಕೆನಾಲಿಗೇ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಒಂದೇ ಕುರ್ಚಿಯ ಕ್ಲಿನಿಕ್ಕಿನಲ್ಲಿ ಉಳಿದ ರೋಗಿಗಳನ್ನು ಯಾವಾಗ ನೋಡಿದರು? ಕಾಯುವ ಬೆಂಚಿನ ಮೇಲೆ ಕೂತವರು ಈ ಲೆಕ್ಕ ಮಾಡುತ್ತಾರೆ.

‘ಒಂದೂ ಸೋಂಕಾಗಿಲ್ಲ’ ಎಂಬುದು ನಿಜವೇ ಇರಬಹುದು. ಆದರೂ ಅದರಿಂದ ಸೊನ್ನೆ ಅಪಾಯ ಎಂದಾಗುವುದಿಲ್ಲ. ಸಂಖ್ಯಾಶಾಸ್ತ್ರದವರು ಬಳಸುವ ಸುಲಭದ ಲೆಕ್ಕವೊಂದಿದೆ: ಎಷ್ಟು ಕೇಸಿನಲ್ಲಿ ಒಂದೂ ತೊಂದರೆ ಆಗಿಲ್ಲವೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. 60 ಆಪರೇಷನ್‌ಗಳಲ್ಲಿ ಒಂದೂ ಸೋಂಕಿಲ್ಲದಿದ್ದರೆ 3ನ್ನು 60ರಿಂದ ಭಾಗಿಸಿ, ಶೇ 5 ಬರುತ್ತದೆ. ನಿಜವಾದ ಅಪಾಯ ಶೇ 5ರವರೆಗೂ ಇರಬಹುದು, 60 ಕೇಸು ಅದನ್ನು ಅಲ್ಲಗಳೆಯಲಾರದು ಎಂದು ಅದರ ಅರ್ಥ. ಆದ್ದರಿಂದ ‘ನೂರಕ್ಕೆ ನೂರು’ ಯಾರ ಪುಟದಲ್ಲೂ ಇರುವುದಿಲ್ಲ.

ಪಕ್ಕದ ಕ್ಲಿನಿಕ್ಕಿನವರು ಬರೆಯುತ್ತಾರಲ್ಲ ಎಂದು ಕೆಲವರು ಈಗಾಗಲೇ ಫೋನ್ ಮಾಡಿದ್ದೀರಿ. ಬರೆಯುತ್ತಾರೆ, ನಿಜ. ನಿಮಗೆ ಅಂಥ ಮಾತೇ ಬೇಕೆಂದರೆ ಸೈಟಿನ ಪಾಸ್‌ವರ್ಡ್ ಕೊಟ್ಟುಬಿಡುತ್ತೇವೆ, ಬೇರೆಯವರಿಂದ ಮಾಡಿಸಿಕೊಳ್ಳಬಹುದು. ನಮಗೆ ಬೇಜಾರಿಲ್ಲ. ನಾವಂತೂ ಬರೆಯುವುದಿಲ್ಲ.

ಈಗ ನಿಮ್ಮಿಂದ ಬೇಕಾದದ್ದು: ಡಿಗ್ರಿಗಳು ಮತ್ತು ಅವು ಸಿಕ್ಕ ಇಸವಿ, ನೋಂದಣಿ ಸಂಖ್ಯೆ, ಇಲ್ಲಿ ಪ್ರಾಕ್ಟೀಸ್ ಶುರು ಮಾಡಿದ ವರ್ಷ. ದಂತ ವೈದ್ಯರಿಗೂ ಆಯುರ್ವೇದದವರಿಗೂ ಕೌನ್ಸಿಲ್ ಬೇರೆ, ನಿಮ್ಮ ಕೌನ್ಸಿಲಿನ ಹೆಸರನ್ನೂ ಸೇರಿಸಿ. ಫೆಲೋಶಿಪ್ ಇದ್ದರೆ ಅದು ಎಷ್ಟು ಕಾಲದ್ದು ಎಂದು ಬರೆಯಿರಿ, ಏಕೆಂದರೆ ಎರಡು ದಿನದ್ದಕ್ಕೂ ಎರಡು ವರ್ಷದ್ದಕ್ಕೂ ಹೆಸರು ಒಂದೇ ಇರುತ್ತದೆ. ಕೊನೆಗೆ, ನೀವು ನೋಡದೆ ಬೇರೆಯವರ ಹತ್ತಿರ ಕಳಿಸುವ ಕೇಸುಗಳು ಯಾವುವು ಎಂದು ಎರಡು ಸಾಲು.

ಈ ತಿಂಗಳ 25ರೊಳಗೆ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು. ಕರಡು ನಿಮಗೆ ತೋರಿಸಿ, ನೀವು ಸರಿ ಎಂದ ಮೇಲೆಯೇ ಹಾಕುತ್ತೇವೆ. ವಿವರ ಬರದಿದ್ದರೆ ಸದ್ಯಕ್ಕೆ ನಿಮ್ಮ ಪುಟದಲ್ಲಿ ಹೆಸರು, ವಿಳಾಸ, ಸಮಯ ಮಾತ್ರ ಇರುತ್ತದೆ.

ನಿಮ್ಮ ವೆಬ್‌ಸೈಟ್ ಕೆಲಸದವರು,
ಡೊಂಬಿವಲಿ