ಮಾತ್ರೆಯ ಜೊತೆಗೆ ಮನೆಯ ಮಾತೂ ಮುಖ್ಯ

ಮಾನ್ಯರೇ,

ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಮರುಕಳಿಸಿದರೆ ‘ಮಾತ್ರೆ ಬಿಟ್ಟಿರಬೇಕು’ ಎಂದು ಎಲ್ಲರೂ ರೋಗಿಯತ್ತಲೇ ಬೊಟ್ಟು ಮಾಡುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮನೆಯವರ ಮಾತಿನ ಧಾಟಿ ಹೇಗಿತ್ತೆಂದು ಯಾರೂ ವಿಚಾರಿಸುವುದಿಲ್ಲ.

ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಅದನ್ನೇ ಅಳೆದರು. ರೋಗಿಯ ಬಗ್ಗೆ ಮನೆಯವರನ್ನು ಮಾತನಾಡಿಸಿ, ಅದರಲ್ಲಿ ಟೀಕೆ, ಹಗೆತನ, ಅತಿಯಾದ ಕಾಳಜಿ ಎಷ್ಟಿದೆ ಎಂದು ಗುರುತಿಸಿದರು. ಆಡಿದ ಪದಗಳಷ್ಟೇ ಅಲ್ಲ, ದನಿಯೂ ಲೆಕ್ಕಕ್ಕೆ ಬಂತು. 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ಇದೇ ಬಗೆಯ ಅಧ್ಯಯನವನ್ನು ಮತ್ತೆ ಮಾಡಿ, ಅವರ ಫಲಿತಾಂಶವನ್ನು ದೃಢಪಡಿಸಿದರು. ಎರಡೂ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಇಂಥ ‘ವ್ಯಕ್ತ ಭಾವನೆ’ ಹೆಚ್ಚಿದ್ದ ಮನೆಗೆ ಮರಳಿದವರಲ್ಲಿ ಒಂಬತ್ತು ತಿಂಗಳೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು. ಕಡಿಮೆ ಇದ್ದ ಮನೆಗಳಲ್ಲಿ ಎಂಟರಲ್ಲಿ ಒಬ್ಬರಿಗೆ. ವ್ಯಕ್ತ ಭಾವನೆ ಹೆಚ್ಚಿದ್ದ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದಲ್ಲಿ ಅಪಾಯ ಇನ್ನೂ ಹೆಚ್ಚು.

ವಿಚಿತ್ರವೆಂದರೆ, ಟೀಕೆ ಹೆಚ್ಚಾಗಿ ಬೀಳುವುದು ಭ್ರಮೆಗಳ ಮೇಲಲ್ಲ. ಕಿವಿಯಲ್ಲಿ ದನಿ ಕೇಳುತ್ತದೆ ಎಂದ ಮಗನನ್ನು ಆಸ್ಪತ್ರೆಗೆ ಕರೆದೊಯ್ಯುವ ತಂದೆಯೇ, ಅವನು ಹನ್ನೊಂದಾದರೂ ಹಾಸಿಗೆ ಬಿಡದಿದ್ದರೆ, ವಾರಗಟ್ಟಲೆ ಸ್ನಾನ ಮಾಡದಿದ್ದರೆ ‘ಸೋಮಾರಿ, ಬೇಕೆಂದೇ ಮಾಡುತ್ತಾನೆ’ ಎಂದು ರೇಗುತ್ತಾನೆ. ಆ ನಿರುತ್ಸಾಹವೂ ಕಾಯಿಲೆಯ ಲಕ್ಷಣವೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಕಾಯಿಲೆ ತಂದವರು ಮನೆಯವರೆಂದು ಇದರರ್ಥವಲ್ಲ; ವರ್ಷಗಟ್ಟಲೆ ನೋಡಿಕೊಂಡು ದಣಿದವರ ದನಿ ಏರುವುದು ಸಹಜ. ಆದ್ದರಿಂದಲೇ ಬಿಡುಗಡೆಯ ದಿನ ಮಾತ್ರೆಚೀಟಿ ಕೊಟ್ಟು ಕಳಿಸಿದರೆ ಸಾಲದು. ಮನೆಯವರನ್ನೂ ಕೂರಿಸಿಕೊಂಡು, ಯಾವುದು ಲಕ್ಷಣ, ಒಮ್ಮೆಗೆ ಒಂದೇ ಕೆಲಸವನ್ನು ಹೇಗೆ ಹೇಳಬೇಕು, ದಿನದಲ್ಲಿ ಕೆಲಹೊತ್ತು ಪರಸ್ಪರ ದೂರವಿರುವುದು ಹೇಗೆ ಎಂದು ಹಲವು ಭೇಟಿಗಳಲ್ಲಿ ಕಲಿಸುವ ವ್ಯವಸ್ಥೆಯನ್ನು ಆಸ್ಪತ್ರೆಗಳು ಮಾಡಬೇಕು.

– ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ