ಹತ್ತೊಂಬತ್ತು ವರ್ಷದ ಕತ್ತಿ

ಪ್ರೀತಿಯ ತಮ್ಮಾ,

ವು ವೇ, ಅಂದರೆ ಬಲವಂತವಿಲ್ಲದೆ ಮಾಡುವುದು ಎಂಬ ಚೀನೀ ತಾವೋ ವಿಚಾರದ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಪುಟದಿಂದ ಕೊನೆಯವರೆಗೆ ನದಿ ಹರಿಯುತ್ತಲೇ ಇದೆ, ಎಲೆ ತೇಲುತ್ತಲೇ ಇದೆ, ಮನುಷ್ಯ ಮಾತ್ರ ಸುಮ್ಮನೆ ಕೂತಿದ್ದಾನೆ. ಓದಿದವರಿಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು, ಏನು ಬಿಡಬೇಕು ಎಂಬುದು ತಿಳಿಯುವುದಿಲ್ಲ. ಹಳೆಯ ತಾವೋ ಗ್ರಂಥಗಳು ಇಷ್ಟು ಮಸುಕಾಗಿಲ್ಲ. ಪ್ರಾಚೀನ ಚೀನಾದ ಜುವಾಂಗ್‌ತ್ಸೆಯ ಗ್ರಂಥದ ಪುಟಗಳಲ್ಲಿ ಕಸುಬಿನವರು ತುಂಬಿದ್ದಾರೆ: ಅಡುಗೆಯವನು, ಬಡಗಿ, ಈಜುಗಾರ, ಕೋಲಿನ ತುದಿಯಲ್ಲಿ ಜೀರುಂಡೆ ಹಿಡಿಯುವ ಗೂನುಬೆನ್ನಿನ ಮುದುಕ. ಮುಂದಿನ ಕರಡಿನಲ್ಲಿ ನದಿಯನ್ನು ಬಿಟ್ಟು ಇವರಲ್ಲಿ ಒಬ್ಬನನ್ನು ಹಿಡಿದುಕೋ. ನನ್ನ ಆಯ್ಕೆ ಮೂರನೆಯ ಅಧ್ಯಾಯದ ಅಡುಗೆಯವನು ಡಿಂಗ್.

ಡಿಂಗ್ ದೊರೆ ವೆನ್‌ಹ್ವೇ ಎದುರು ಎತ್ತನ್ನು ಕೊಯ್ಯುತ್ತಿದ್ದಾನೆ. (ಮುಜುಗರಪಟ್ಟು ಎತ್ತಿನ ಜಾಗದಲ್ಲಿ ಕುಂಬಳಕಾಯಿ ಇಡಬೇಡ. ಸಂದು, ಸ್ನಾಯು, ಮೂಳೆ ಇಲ್ಲದೆ ಈ ಕಥೆಯೇ ಇಲ್ಲ.) ಕೈ, ಭುಜ, ಪಾದ, ಮೊಣಕಾಲು ಎಲ್ಲವೂ ಒಂದು ಲಯದಲ್ಲಿ ಕೆಲಸ ಮಾಡುತ್ತಿವೆ, ಕತ್ತಿಯ ಸದ್ದು ಕುಣಿತದ ತಾಳದಂತೆ ಕೇಳುತ್ತಿದೆ. ದೊರೆ ಬೆರಗಾಗುತ್ತಾನೆ. ಆಗ ಡಿಂಗ್ ತನ್ನ ಕೆಲಸವನ್ನು ಬಿಡಿಸಿ ಹೇಳುತ್ತಾನೆ. ಶುರುವಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಬರೀ ಎತ್ತು. 3 ವರ್ಷವಾದ ಮೇಲೆ ಇಡೀ ಎತ್ತು ಕಾಣುವುದು ನಿಂತಿತು. ಈಗ ಕಣ್ಣಿಗಿಂತ ಒಳಗಿನ ಅರಿವೇ ಕತ್ತಿಯನ್ನು ನಡೆಸುತ್ತದೆ. ಅದು ಮೈಯಲ್ಲಿ ಮೊದಲೇ ಇರುವ ಸಂದುಗಳನ್ನು ಹಿಡಿದು ಸಾಗುತ್ತದೆ.

ಆಮೇಲೆ ಅವನು ಒಂದು ಲೆಕ್ಕ ಕೊಡುತ್ತಾನೆ. ನಿನ್ನ ಲೇಖನಕ್ಕೆ ಬೇಕಾದ ಅಳತೆಗೋಲು ಇದೇ. ಸಾಮಾನ್ಯ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಾಯಿಸುತ್ತಾನೆ, ಯಾಕೆಂದರೆ ಅವನು ಕಡಿಯುತ್ತಾನೆ. ಒಳ್ಳೆಯ ಅಡುಗೆಯವನು ವರ್ಷಕ್ಕೊಂದು ಬದಲಾಯಿಸುತ್ತಾನೆ, ಯಾಕೆಂದರೆ ಅವನು ಕೊಯ್ಯುತ್ತಾನೆ. ಡಿಂಗ್‌ನ ಕತ್ತಿಗೆ 19 ವರ್ಷ. ಸಾವಿರಾರು ಎತ್ತುಗಳಾದರೂ ಅಲಗು ಈಗಷ್ಟೇ ಸಾಣೆಕಲ್ಲಿನಿಂದ ಬಂದಂತಿದೆ. ಮೂವರ ಕೆಲಸವೂ ಮುಗಿಯುತ್ತದೆ, ಮೂವರ ಎದುರಿಗೂ ಮಾಂಸದ ರಾಶಿ ಬೀಳುತ್ತದೆ. ಆಚೆ ನಿಂತು ಮಾಂಸವನ್ನಷ್ಟೇ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಅಲಗನ್ನು ನೋಡಬೇಕು. ಎಲ್ಲಿ ಬಲ ಹಾಕಿದ್ದಾರೋ ಅಲ್ಲಿ ಅಲಗು ಸವೆದಿರುತ್ತದೆ. ಸಂದಿಯಲ್ಲಿ ಜಾಗವಿದೆ, ಅಲಗಿಗೆ ದಪ್ಪವಿಲ್ಲ, ದಪ್ಪವಿಲ್ಲದ್ದು ಜಾಗವಿರುವ ಕಡೆ ಹೋದರೆ ಸವೆಯುವುದಾದರೂ ಹೇಗೆ ಎನ್ನುವುದು ಡಿಂಗ್‌ನ ವಾದ.

ಈ ಪ್ರಸಂಗದಲ್ಲಿ ‘ವು ವೇ’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಆದರೂ ಆ ವಿಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಗೊತ್ತಿಲ್ಲ. ಡಿಂಗ್ ದುಡಿಯುವುದನ್ನು ಬಿಟ್ಟಿಲ್ಲ, ಮೈಯೆಲ್ಲ ಬಳಸಿ ಕೆಲಸ ಮಾಡುತ್ತಿದ್ದಾನೆ. ಬಿಟ್ಟಿರುವುದು ಎತ್ತಿನ ರಚನೆಯ ಮೇಲೆ ತನ್ನ ಇಷ್ಟವನ್ನು ಹೇರುವುದನ್ನು. ತಾವೋ ಎಂದರೆ ಮಾರ್ಗ, ಅದರೊಂದಿಗೆ ಹೊಂದಿ ಬಾಳುವುದು ಅಂದರೂ ಇಷ್ಟೇ. ಕಥೆ ಕೇಳಿದ ದೊರೆ ‘ಬದುಕನ್ನು ಪೋಷಿಸುವುದು ಹೇಗೆಂದು ತಿಳಿಯಿತು’ ಎನ್ನುತ್ತಾನೆ, ಅಧ್ಯಾಯದ ಹೆಸರೂ ಅದೇ. ಇಲ್ಲಿ ಕತ್ತಿ ಎಂದರೆ ಬದುಕು.

ಹೆಚ್ಚಿನವರು ಕಥೆಯನ್ನು ಸವೆಯದ ಅಲಗಿನ ಮಾತಿಗೇ ನಿಲ್ಲಿಸುತ್ತಾರೆ, ನೀನೂ ನಿಲ್ಲಿಸಿಬಿಟ್ಟೀಯೆ. ಅದಾದ ಮೇಲೆ, ದೊರೆಯ ಮಾತಿಗೆ ಮುಂಚೆ ಬರುವ ಸಾಲುಗಳನ್ನು ಬಿಡಬೇಡ. ಇಷ್ಟೆಲ್ಲ ಪಳಗಿದ್ದರೂ ಸ್ನಾಯು-ಮೂಳೆ ಸಿಕ್ಕುಗಟ್ಟಿದ ಜಾಗ ಬಂದಾಗಲೆಲ್ಲ ‘ಇದು ಕಷ್ಟ’ ಎಂದು ಡಿಂಗ್‌ಗೆ ಗೊತ್ತಾಗುತ್ತದೆ. ಅವನು ಎಚ್ಚರಗೊಳ್ಳುತ್ತಾನೆ, ನೋಟ ಅಲ್ಲೇ ನೆಡುತ್ತದೆ, ಕೈ ನಿಧಾನವಾಗುತ್ತದೆ, ಕತ್ತಿ ತೀರಾ ಚೂರೇ ಚೂರು ಸರಿಯುತ್ತದೆ. ಥಟ್ಟನೆ ಇಡೀ ಭಾಗ ಬಿಚ್ಚಿಕೊಂಡು ಮಣ್ಣಿನ ಹೆಂಟೆಯಂತೆ ನೆಲಕ್ಕೆ ಬೀಳುತ್ತದೆ. ಅವನು ನಿಂತು ಸುತ್ತ ನೋಡಿ, ಖುಷಿಪಟ್ಟು, ಕತ್ತಿ ಒರೆಸಿ ಎತ್ತಿಡುತ್ತಾನೆ. ವು ವೇ ಅಂದರೆ ಸದಾ ಸರಾಗ ಎಂದು ಬರೆದವರಿಗೆ ಈ ಸಾಲುಗಳೇ ಉತ್ತರ. ಸಿಕ್ಕು ಅಲ್ಲೂ ಇದೆ. ಅದರ ಮುಂದೆ ನಿಧಾನಿಸುವುದೂ ವು ವೇ.

ಬರವಣಿಗೆಯಲ್ಲಿ ಇದನ್ನು ಪರೀಕ್ಷಿಸಿ ನೋಡು. ಹೂ ಕಟ್ಟುವ ಹೆಂಗಸಿನ ಬಗ್ಗೆ ಬರೆಯುತ್ತಿದ್ದೀಯೆ ಅಂತಿಟ್ಟುಕೋ. ‘ಅವಳ ಬೆರಳುಗಳು ಅದ್ಭುತ ಚಾಕಚಕ್ಯತೆಯಿಂದ ಚಲಿಸುತ್ತಿದ್ದವು’ ಎಂದು ಬರೆದರೆ ನಿನ್ನ ಕತ್ತಿ ಮೂಳೆಗೆ ಬಡಿದಿದೆ. ಗೊತ್ತಿಲ್ಲದ ಕಡೆ ವಿಶೇಷಣದಿಂದ ಬಲ ಹಾಕಿದ್ದೀಯೆ. ಅಲ್ಲಿ ಪೆನ್ನು ಕೆಳಗಿಟ್ಟು ಹೋಗಿ ನೋಡು. ನೆನೆಸಿದ ಬಾಳೆನಾರು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ತೊಟ್ಟಿಗೆ ತೊಟ್ಟು ಕೂಡಿಸಿ, ಮೇಲೊಂದು ಸುತ್ತು, ಬೆರಳಲ್ಲೇ ಒಂದು ಕುಣಿಕೆ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಮೊಗ್ಗು ಉದುರುತ್ತದೆ. ಇದನ್ನು ಕಂಡ ಮೇಲೆ ‘ಚಾಕಚಕ್ಯತೆ’ ತಾನಾಗಿ ಬಿದ್ದುಹೋಗುತ್ತದೆ, ವಾಕ್ಯ ತನ್ನ ಸಂದಿ ಕಂಡುಕೊಳ್ಳುತ್ತದೆ.

ಕೂತುಕೊಳ್ಳುವ ಮುಂಚೆ ಏನು ಮಾಡಬೇಕು ಎನ್ನುವುದಕ್ಕೆ 19ನೆಯ ಅಧ್ಯಾಯದ ಬಡಗಿ ಚಿಂಗ್‌ನನ್ನು ನೋಡು. ಗಂಟೆ ತೂಗುಹಾಕುವ ಚೌಕಟ್ಟನ್ನು ದೇವತೆಗಳು ಮಾಡಿದ್ದೋ ಎಂಬಂತೆ ಕೆತ್ತುವವನು ಅವನು. ಕೆಲಸಕ್ಕೆ ಮೊದಲು ಉಪವಾಸವಿರುತ್ತಾನೆ. 3 ದಿನಕ್ಕೆ ಬಹುಮಾನ, ಪದವಿ, ಸಂಬಳದ ಯೋಚನೆ ಹೋಗುತ್ತದೆ. 5 ದಿನಕ್ಕೆ ಹೊಗಳಿಕೆ, ತೆಗಳಿಕೆ, ನಾನು ಜಾಣನೋ ಪೆದ್ದನೋ ಎಂಬುದು ಹೋಗುತ್ತದೆ. 7 ದಿನಕ್ಕೆ ಕೈಕಾಲು ಇರುವುದೇ ಮರೆಯುತ್ತದೆ. ಆಮೇಲೆ ಕಾಡಿಗೆ ಹೋಗಿ ಮರಗಳನ್ನು ನೋಡುತ್ತಾನೆ. ಯಾವುದರೊಳಗೆ ಚೌಕಟ್ಟು ಆಗಲೇ ಕಾಣುತ್ತದೋ ಅದಕ್ಕೆ ಕೈ ಹಾಕುತ್ತಾನೆ. ಕಾಣದಿದ್ದರೆ ಬಿಟ್ಟುಬಿಡುತ್ತಾನೆ.

ಕ್ರಮವನ್ನು ಗಮನಿಸು. ಮೊದಲು ಹೋಗುವುದು ದುಡ್ಡಿನ ಯೋಚನೆ. ಹೊಗಳಿಕೆ ಅದಕ್ಕಿಂತ ಗಟ್ಟಿ, ಇನ್ನೆರಡು ದಿನ ಬೇಕು. ತಾವೋ ಪಂಥದ ಇನ್ನೊಬ್ಬ ಗುರು ಲಾವೋತ್ಸೆಯ ಗ್ರಂಥದ 48ನೆಯ ಅಧ್ಯಾಯದಲ್ಲಿ ಕಲಿಯುವವನದು ದಿನದಿನಕ್ಕೆ ಹೆಚ್ಚುತ್ತದೆ, ಮಾರ್ಗ ಹಿಡಿದವನದು ದಿನದಿನಕ್ಕೆ ಕಡಿಮೆಯಾಗುತ್ತದೆ, ಕಡಿಮೆಯಾಗುತ್ತಾ ವು ವೇ ತಲುಪುತ್ತದೆ ಎಂದಿದೆ. ಆ ಕಡಿಮೆಯಾಗುವುದು ಹೇಗೆಂದು ಚಿಂಗ್ ದಿನಗಳ ಲೆಕ್ಕದಲ್ಲಿ ತೋರಿಸಿದ್ದಾನೆ ಎಂದು ಓದಬಹುದು. ನೀನು ಉಪವಾಸ ಕೂರಬೇಕಿಲ್ಲ. ಕರಡು ಬರೆಯುವ ದಿನಗಳಲ್ಲಿ ಅದನ್ನು ಯಾರಿಗೂ ತೋರಿಸಬೇಡ, ಯಾವ ಸ್ಪರ್ಧೆಗೆ ಕಳಿಸಬೇಕೆಂದು ತೀರ್ಮಾನಿಸಬೇಡ, ಸಾಕು.

ಎರಡು ಕಡೆ ಎಡವುತ್ತೀಯೆ, ಈಗಲೇ ಹೇಳಿಬಿಡುತ್ತೇನೆ. ಒಂದು, ‘ಒಂದೇ ಗುಕ್ಕಿಗೆ ಬಂತು, ತಿದ್ದಲೇ ಇಲ್ಲ’ ಎಂಬ ಹೆಮ್ಮೆ. ಮೊದಲ 3 ವರ್ಷವನ್ನು ಡಿಂಗ್ ಹಾರಿಸಲಿಲ್ಲ. ತಿದ್ದದೆ ಬಿಟ್ಟ ಬರಹದಲ್ಲಿ ಸಾಮಾನ್ಯವಾಗಿ ಹರಿದು ಬಂದಿರುವುದು ನಾವು ಎಲ್ಲೋ ಓದಿದ್ದ ಬೇರೆಯವರ ವಾಕ್ಯ. ಸಹಜವಾದದ್ದಕ್ಕೂ ರೂಢಿಯಾದದ್ದಕ್ಕೂ ಇರುವ ಈ ಅಂತರ ಬರೆದವನಿಗೆ ಆ ಕ್ಷಣ ತಿಳಿಯುವುದಿಲ್ಲ, ವಾರ ಬಿಟ್ಟು ಓದಿದರೆ ತಿಳಿಯುತ್ತದೆ.

ಇನ್ನೊಂದು ನಮ್ಮ ಕನ್ನಡದವರಿಗೇ ವಿಶೇಷವಾದ ಆಮಿಷ. ನಿನ್ನ ನಾಲ್ಕನೆಯ ಪುಟದಲ್ಲಿ ವು ವೇ ಎಂದರೆ ಗೀತೆಯ ನಿಷ್ಕಾಮ ಕರ್ಮವೇ, ಶರಣರ ಕಾಯಕವೇ ಎಂದು ಬರೆದಿದ್ದೀಯೆ. ಹೋಲಿಕೆ ಇಲ್ಲವೆಂದಲ್ಲ. ಆದರೆ ಗೀತೆಯಲ್ಲಿ ಮಾಡಲೇಬೇಕಾದ ಸ್ವಧರ್ಮ ಮೊದಲು ನಿಂತಿದೆ, ಫಲದ ಆಸೆ ಬಿಡುವುದು ಆಮೇಲೆ. ಕಾಯಕದ ಹಿಂದೆ ಶಿವನಿದ್ದಾನೆ, ದಾಸೋಹವಿದೆ. ಡಿಂಗ್‌ಗೆ ಇವೆರಡೂ ಇಲ್ಲ. ಅವನು ಯಾರಿಗೂ ಅರ್ಪಿಸುತ್ತಿಲ್ಲ, ಕೆಲಸ ಮುಗಿದಾಗ ಬಿಚ್ಚುಮನಸ್ಸಿನಿಂದ ಖುಷಿಪಡುತ್ತಾನೆ. ಯಾವ ಕೆಲಸ ಮಾಡುವುದು ಸರಿ, ಯಾವುದು ತಪ್ಪು ಎಂದು ಆ ಪ್ರಸಂಗ ಹೇಳುವುದೂ ಇಲ್ಲ. ಅದು ಅದರ ಮಿತಿ, ಹಾಗೆಂದೇ ಬರೆ.

ನಾಲ್ಕನೆಯ ಪುಟವನ್ನು ಪೂರ್ತಿ ತೆಗೆ. ಎರಡನೆಯ ಪುಟದ ನದಿಯನ್ನು ಉಳಿಸಲೇಬೇಕೆಂದಿದ್ದರೆ 19ನೆಯ ಅಧ್ಯಾಯದ ಈಜುಗಾರನನ್ನು ಅದರೊಳಗೆ ಇಳಿಸು. ಸುಳಿಯ ಜೊತೆ ಒಳಗೆ ಹೋಗಿ ಉಕ್ಕಿನ ಜೊತೆ ಹೊರಬರುವವನು ಅವನು. ತಿದ್ದಿ ಮುಗಿಸಿ, ವಾರ ಬಿಟ್ಟು ಇನ್ನೊಮ್ಮೆ ಓದಿ, ಆಮೇಲೆ ಕಳಿಸು.

ನಿನ್ನ,
ಹಿರಿಯ ಗೆಳೆಯ